ಹಾಡಿನ ಅಡಿಯಲ್ಲಿದ್ದ ಲೆಕ್ಕ

ಮೊದಲ ದಿನ ಅದನ್ನು ವಿಸಿಆರ್‌ನ ದೋಷವೆಂದೇ ತಿಳಿದೆ. ನನ್ನ ತೊಟ್ಟಿಲ ಕಾರ್ಯದ ಕ್ಯಾಸೆಟ್ ಓಡುತ್ತಿತ್ತು. ಪರದೆಯ ಮೇಲೆ ಅಜ್ಜ ಮೇಜಿನ ಮುಂದೆ ಕುಳಿತು ಮುಯ್ಯಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಹಿಂದೆ ಎಂದಿನಂತೆ ಆ ಹಿಂದಿ ಹಾಡು. ಆದರೆ ಹಾಡು ನಡುನಡುವೆ ಕಡಿದುಹೋಗುತ್ತಿತ್ತು. ಅರ್ಧ ಸೆಕೆಂಡು ಗುಂಯ್ ಎನ್ನುವ ಸದ್ದು, ಅದರೊಳಗೆ ಯಾರದೋ ಮಾತಿನ ಚೂರು, ಮತ್ತೆ ಹಾಡು. ಧ್ವನಿಯ ಸ್ವಿಚ್ಚನ್ನು HIFI ಇಂದ NORM ಗೆ ತಿರುಗಿಸಿದೆ. ಹಾಡು ಸರಾಗವಾಗಿ ಹರಿಯಿತು. ತೊಂದರೆ ಮುಗಿಯಿತೆಂದುಕೊಂಡು ಪೂರ್ತಿ ಕ್ಯಾಸೆಟ್ಟನ್ನು ಹಾಗೆಯೇ ಕಂಪ್ಯೂಟರಿಗೆ ಇಳಿಸಿದೆ.

ಅಂದು ನಾನು ಮುಚ್ಚಿಹಾಕಿದ್ದು ಏನನ್ನು ಎಂಬುದು ಎರಡು ದಿನಗಳ ನಂತರ, ಬಟ್ಟೆ ಒಣಹಾಕುವಾಗ ಹೊಳೆಯಿತು. ದೋಷವಿದ್ದ ಯಂತ್ರ ಹಾಡನ್ನು ನುಂಗಬಹುದು, ಗೊರಗೊರ ಎನ್ನಬಹುದು. ಆದರೆ ಟೇಪಿನಲ್ಲಿ ಇಲ್ಲದ ಮಾತನ್ನು ಅದು ಹುಟ್ಟಿಸಲಾರದು.

ಹಿನ್ನೆಲೆ ಇಷ್ಟು. ಅವ್ವನಿಗೆ ಅರವತ್ತು ತುಂಬುವ ದಿನ ತೋರಿಸಲು ಮನೆಯ ಚಿತ್ರವೊಂದನ್ನು ಕಟ್ಟುತ್ತಿದ್ದೆ. ಸಂಕಲನವೇ ನನ್ನ ಕಸುಬು. ಪುಣೆಯಲ್ಲಿ ಸಾಕ್ಷ್ಯಚಿತ್ರಗಳನ್ನು, ಜಾಹೀರಾತುಗಳನ್ನು ಕತ್ತರಿಸಿ ಜೋಡಿಸುತ್ತೇನೆ. ಗದಗದ ಕಡೆಯಿಂದ ಬಂದ ಅಜ್ಜ 1968ರಲ್ಲಿ ಸದಾಶಿವ ಪೇಠೆಯಲ್ಲಿ ಖಾನಾವಳಿ ತೆರೆದ ಕಥೆ ಅದು. ಓದಲು ಬಂದ ಹುಡುಗರಿಗೆ ರೊಟ್ಟಿ, ಪಲ್ಯ, ಸಾರು. ಚಿತ್ರ 34 ನಿಮಿಷಕ್ಕೆ ಬಂದು ನಿಂತಿತ್ತು. ಅದರ ಬೆನ್ನೆಲುಬು ಅಜ್ಜ. ಆಯಿ ಅಲ್ಲಲ್ಲಿ ಬಂದು ಹೋಗುತ್ತಿದ್ದಳು. (ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಎನ್ನುತ್ತೇವೆ. ಪುಣೆಯ ಮರಾಠಿಯಲ್ಲಿ ಅದು ತಾಯಿಯ ಹೆಸರು. ನನ್ನ ಶಾಲೆಯ ಗೆಳತಿಯರು ಎಷ್ಟೋ ವರ್ಷ ಅವಳನ್ನೇ ನನ್ನ ತಾಯಿ ಎಂದುಕೊಂಡಿದ್ದರು.) ಆಯಿ 2001ರಲ್ಲಿ ತೀರಿಕೊಂಡಳು. ಅವಳ ಧ್ವನಿ ನಮ್ಮಲ್ಲಿ ಎಲ್ಲಿಯೂ ಇರಲಿಲ್ಲ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ಒಲೆಯ ಮುಂದಿನಿಂದ ಅವಳು ಈಚೆ ಬಂದದ್ದೇ ಕಡಿಮೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದ್ದೆ.

ಕ್ಯಾಸೆಟ್ 1993ರದು, ಮೂರು ಗಂಟೆಯ ವಿಎಚ್‌ಎಸ್. ಹಿಂದೊಮ್ಮೆ ಅಂಗಡಿಯೊಂದರಲ್ಲಿ ಅದನ್ನು ಡಿವಿಡಿಗೆ ಇಳಿಸಿಸಿದ್ದೆವು. ಚಿತ್ರ ಬಳುಕುತ್ತಿತ್ತು, ಬಣ್ಣ ಸೋರಿತ್ತು. ಅದಕ್ಕಾಗಿಯೇ ಈ ಸಲ ಮೂಲ ಕ್ಯಾಸೆಟ್ಟಿನಿಂದ ನಾನೇ ತೆಗೆಯಬೇಕೆಂದು ಹೊರಟೆ. ನನಗೆ ಬೇಕಿದ್ದದ್ದು ಒಳ್ಳೆಯ ಚಿತ್ರ ಮಾತ್ರ. ಧ್ವನಿಯ ಕಡೆ ಗಮನವೇ ಇರಲಿಲ್ಲ, ಏಕೆಂದರೆ ಕ್ಯಾಸೆಟ್ಟಿನ ತುಂಬ ಹಾಡು. ಆ ಕಾಲದ ವಿಡಿಯೊದವರು ಚಿತ್ರೀಕರಣ ಮುಗಿಸಿ, ಮೇಲೆ ಸಿನಿಮಾ ಹಾಡು ಹಾಕಿ ಕೊಡುತ್ತಿದ್ದರು. ಅದು ಅವರ ಕೆಲಸದ ಅಂದ, ಮನೆಯವರಿಗೂ ಅದೇ ಬೇಕಿತ್ತು.

ಬೂಷ್ಟು

ಪುಣೆಯ ಮಳೆಗಾಲ ಕ್ಯಾಸೆಟ್ಟಿಗೆ ಒಳ್ಳೆಯದಲ್ಲ. ಅದರ ಕಿಟಕಿಯಿಂದ ನೋಡಿದರೆ ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕೂತಿತ್ತು. ಮೊದಲು ಮಾಡಿದ್ದು ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಕಿವಿಯನ್ನು ಮುರಿದದ್ದು. ಅದು ಇಲ್ಲದಿದ್ದರೆ ಅಪ್ಪಿತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಯಂತ್ರ ಟೇಪಿನ ಮೇಲೆ ಬರೆಯುವುದಿಲ್ಲ. ನಂತರ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಒಂದು ವಾರ ಇಟ್ಟೆ. ಹಸಿ ಬೂಷ್ಟನ್ನು ಒರೆಸಿದರೆ ಅದು ಟೇಪಿಗೇ ಬಳಿದುಕೊಳ್ಳುತ್ತದೆ. ಒಣಗಿದರೆ ಪುಡಿಯಾಗಿ ಉದುರುತ್ತದೆ. ಆಮೇಲೆ ಮೂಗಿಗೆ ಮಾಸ್ಕ್ ಕಟ್ಟಿ, ಮಹಡಿಯ ಮೇಲೆ, ಸುತ್ತುವುದಕ್ಕೆಂದೇ ಇಟ್ಟುಕೊಂಡ ಇನ್ನೊಂದು ಹಾಳು ವಿಸಿಆರ್‌ನಲ್ಲಿ ಟೇಪಿನ ದಾರಿಗೆ ಎಳೆ ಬಿಡದ ಬಟ್ಟೆ ಹಿಡಿದು ಎರಡು ಸಲ ಆಚೀಚೆ ಸುತ್ತಿದೆ. ಬಟ್ಟೆ ಕಂದಾಯಿತು, ಟೇಪ್ ಹೊಳೆಯಿತು. ಒಳ್ಳೆಯ ಯಂತ್ರಕ್ಕೆ ಬೂಷ್ಟು ಹಿಡಿದ ಟೇಪನ್ನು ಎಂದಿಗೂ ತೋರಿಸಬಾರದು. ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡರೆ ಮುಂದಿನ ಕ್ಯಾಸೆಟ್ಟೂ ಹಾಳು.

ಟೇಪಿನಲ್ಲಿ ಧ್ವನಿ ಎರಡು ಕಡೆ ಇರುತ್ತದೆ

ಬಟ್ಟೆ ಒಣಹಾಕುವಾಗ ಹೊಳೆದದ್ದನ್ನು ಇಲ್ಲಿ ನಿಧಾನವಾಗಿ ಹೇಳಬೇಕು, ಏಕೆಂದರೆ ಇಡೀ ಕೆಲಸ ನಿಂತಿರುವುದು ಇದರ ಮೇಲೆ.

ವಿಎಚ್‌ಎಸ್ ಟೇಪಿನ ಅಗಲ 12.7 ಮಿಲಿಮೀಟರ್. ಅದರ ಮೇಲಿನ ಅಂಚಿನಲ್ಲಿ ಸುಮಾರು ಒಂದು ಮಿಲಿಮೀಟರ್ ಅಗಲದ ಪಟ್ಟಿ ಧ್ವನಿಗೆ ಮೀಸಲು. ಹಾಡಿನ ಕ್ಯಾಸೆಟ್ಟಿನಲ್ಲಿರುವಂತೆ ಉದ್ದಕ್ಕೆ ಹರಿಯುವ ಸಾದಾ ಧ್ವನಿ ಅದು. ಎಲ್ಲ ವಿಸಿಆರ್‌ಗಳೂ ಅದನ್ನು ಓದುತ್ತವೆ. ಚಿತ್ರ ಮಾತ್ರ ಟೇಪಿನ ನಡುವೆ ಓರೆಗೆರೆಗಳಾಗಿ ಇರುತ್ತದೆ. ತಿರುಗುವ ಡ್ರಮ್ಮಿನಲ್ಲಿ ಕೂತ ಹೆಡ್‌ಗಳು ಆ ಗೆರೆಗಳನ್ನು ಎಳೆಯುತ್ತವೆ.

ಮುಂದೆ ಬಂದ ಹೈಫೈ ಯಂತ್ರಗಳು ಧ್ವನಿಯನ್ನು ಇನ್ನೊಂದು ಕಡೆಯೂ ಇಟ್ಟವು: ಚಿತ್ರದ ಅಡಿಯಲ್ಲಿ. ಡ್ರಮ್ಮಿನಲ್ಲಿ ಧ್ವನಿಗೆಂದೇ ಇನ್ನೆರಡು ಹೆಡ್. ಅವು ಮೊದಲು ಹಾದುಹೋಗಿ ಟೇಪಿನ ಕಾಂತದ ಪದರದಲ್ಲಿ ಆಳಕ್ಕೆ ಬರೆಯುತ್ತವೆ. ಹಿಂದೆಯೇ ಬರುವ ಚಿತ್ರದ ಹೆಡ್ ಮೇಲ್ಪದರದಲ್ಲಿ ಬರೆಯುತ್ತದೆ. ಒಂದೇ ಜಾಗದಲ್ಲಿ ಆಳದಲ್ಲಿ ಧ್ವನಿ, ಮೇಲೆ ಚಿತ್ರ. ಎರಡರ ಕೋನ ಬೇರೆ ಬೇರೆಯಾಗಿರುವುದರಿಂದ ಒಂದು ಇನ್ನೊಂದನ್ನು ಕೆಡಿಸುವುದಿಲ್ಲ.

ಈಗ ಮುಖ್ಯ ಮಾತು. ವಿಡಿಯೊದವರು ಮುಗಿದ ಕ್ಯಾಸೆಟ್ಟಿನ ಮೇಲೆ ಹಾಡು ಹಾಕುವಾಗ ಯಂತ್ರ ಅಳಿಸಿ ಬರೆಯುವುದು ಅಂಚಿನ ಆ ಒಂದು ಮಿಲಿಮೀಟರನ್ನು ಮಾತ್ರ. ಅಡಿಯಲ್ಲಿರುವ ಧ್ವನಿಯನ್ನು ಅಳಿಸಬೇಕಾದರೆ ಅದರ ಮೇಲಿನ ಚಿತ್ರವನ್ನೂ ಅಳಿಸಬೇಕು. ಕ್ಯಾಮೆರಾ ಹೈಫೈ ಆಗಿದ್ದರೆ, ಆ ದಿನ ಮೈಕಿಗೆ ಕೇಳಿಸಿದ ಎಲ್ಲವೂ ಚಿತ್ರದ ಅಡಿಯಲ್ಲಿ ಹಾಗೆಯೇ ಉಳಿದಿರುತ್ತದೆ. ನಮ್ಮ ಮನೆಯ ವಿಸಿಆರ್ ಅಂಚಿನ ಪಟ್ಟಿಯನ್ನಷ್ಟೇ ಓದುವ ಸಾದಾ ಮೊನೊ, ಡಿವಿಡಿ ಮಾಡಿಕೊಟ್ಟ ಅಂಗಡಿಯದೂ ಮೊನೊ ಇದ್ದಿರಬೇಕು. ಮೂವತ್ತು ವರ್ಷ ನಾವು ಕೇಳಿದ್ದು ಅಂಚಿನ ಹಾಡನ್ನು.

ನಾನು ಕೊಂಡ ಯಂತ್ರ ಹೈಫೈ. ಆದರೆ ಅಡಿಯ ಧ್ವನಿಯ ಸಂಕೇತ ದುರ್ಬಲವಾದ ಕ್ಷಣ ಇಂಥ ಯಂತ್ರಗಳು ತಾವಾಗಿಯೇ ಅಂಚಿನ ಪಟ್ಟಿಗೆ ಹಾರುತ್ತವೆ. ಬಲ ಬಂದಾಗ ಮತ್ತೆ ಕೆಳಗಿಳಿಯುತ್ತವೆ. ನಾನು ಕೇಳಿದ ಕಡಿತ ಅದೇ. ಹೆಚ್ಚಿನ ಹೊತ್ತು ಅಂಚಿನ ಹಾಡು, ಅಪರೂಪಕ್ಕೆ ಅರ್ಧ ಸೆಕೆಂಡು ಅಡಿಯ ಮಾತು. ಓಡಿಹೋಗಿ ಕ್ಯಾಸೆಟ್ ಹಾಕಿ ಸ್ವಿಚ್ಚನ್ನು HIFI ಗೆ ತಂದೆ. ಅಜ್ಜ ಬರೆಯುವ ದೃಶ್ಯದಲ್ಲಿ ಹಾಡು ಕಡಿಯಿತು. ಹೆಂಗಸಿನ ಧ್ವನಿ, ಮೈಕಿಗೆ ತೀರ ಹತ್ತಿರದಿಂದ, ಒಂದೇ ಒಂದು ಪದ: "ತೊಂಬತ್ತಾರು."

ಅಡಿಯ ಧ್ವನಿಯನ್ನು ಎತ್ತುವುದು

ಚಿತ್ರ ಚೆನ್ನಾಗಿ ಕಾಣುತ್ತಿದ್ದರೂ ಹೈಫೈ ಧ್ವನಿ ನಿಲ್ಲದಿರುವುದು ಸಾಮಾನ್ಯ. ಧ್ವನಿಯ ಹೆಡ್‌ಗಳು ಡ್ರಮ್ಮಿನ ಬೇರೆ ಜಾಗದಲ್ಲಿರುತ್ತವೆ; ಗೆರೆಯಿಂದ ತುಸು ಜಾರಿದರೂ ಅವು ತಡೆದುಕೊಳ್ಳುವುದಿಲ್ಲ. ಮೊದಲು ಡ್ರಮ್ಮನ್ನು ಶುಚಿ ಮಾಡಿದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆಯ ಚರ್ಮದ ತುಂಡನ್ನು ಅಲುಗದಂತೆ ಹಿಡಿದು ಡ್ರಮ್ಮನ್ನು ಕೈಯಿಂದ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಟೇಪನ್ನು ಒತ್ತಿ ಎಳೆಯುವ ರಬ್ಬರ್ ಉರುಳೆ ಕಲ್ಲಾಗಿತ್ತು. ತಾಪಕೀರ್ ಗಲ್ಲಿಯ ಮೂರು ಅಂಗಡಿ ತಿರುಗಿ ಅದೇ ಅಳತೆಯದನ್ನು ತಂದು ಹಾಕಿದೆ.

ಕಡಿತ ಕಡಿಮೆಯಾಯಿತು, ಗುಂಯ್ ಸದ್ದು ಉಳಿಯಿತು. ಇಲ್ಲಿ ಒಂದು ಗೊಂದಲ. ಈ ಡ್ರಮ್ಮು ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಎರಡು ಹೆಡ್‌ಗಳ ನಡುವೆ ಧ್ವನಿ ಸೆಕೆಂಡಿಗೆ 50 ಸಲ ಕೈ ಬದಲಾಯಿಸುತ್ತದೆ. ಹೊಂದಿಕೆ ಕೆಟ್ಟರೆ ಆ ಬೆಸುಗೆಗಳೇ ಸದ್ದಾಗಿ ಕೇಳಿಸುತ್ತವೆ. ನಮ್ಮ ಮನೆಯ ಕರೆಂಟಿನ ಗುನುಗೂ 50ರದೇ. ಯಾವುದೆಂದು ತಿಳಿಯುವ ದಾರಿ ಸುಲಭ: ಟ್ರ್ಯಾಕಿಂಗನ್ನು, ಅಂದರೆ ಹೆಡ್‌ಗಳು ಗೆರೆಯ ಮೇಲೆ ಸರಿಯಾಗಿ ಕೂರುವಂತೆ ಮಾಡುವ ಹೊಂದಿಕೆಯನ್ನು, ಬದಲಿಸುತ್ತ ಕೇಳಬೇಕು. ಕರೆಂಟಿನ ಗುನುಗು ಕದಲುವುದಿಲ್ಲ. ನನ್ನದು ಕದಲಿತು, ಒಂದು ಕಡೆ ತಿರುಗಿಸಿದಂತೆ ಹೆಚ್ಚಿತು, ಇನ್ನೊಂದು ಕಡೆ ತಗ್ಗಿತು. ತಂತಿ ಬದಲಿಸಿ ಫಲವಿಲ್ಲವೆಂದು ಅಲ್ಲಿಗೇ ಗೊತ್ತಾಯಿತು.

ಸ್ವಯಂಚಾಲಿತ ಟ್ರ್ಯಾಕಿಂಗನ್ನು ನಿಲ್ಲಿಸಿದೆ. ಅದು ಚಿತ್ರವನ್ನು ನೋಡಿ ಹೊಂದಿಸುತ್ತದೆಯೇ ಹೊರತು ಧ್ವನಿಯನ್ನು ಕೇಳುವುದಿಲ್ಲ. ಕೈಯಿಂದ ಒಂದೊಂದೇ ಮೆಟ್ಟಿಲು ಸರಿಸಿದಾಗ ಕಂಡದ್ದು: ಚಿತ್ರ ಅತ್ಯುತ್ತಮವಾಗಿರುವ ಜಾಗದಲ್ಲಿ ಧ್ವನಿ ಕಡಿಯುತ್ತದೆ, HIFI ದೀಪ ಅಲುಗದೆ ಉರಿಯುವ ಜಾಗದಲ್ಲಿ ಚಿತ್ರದ ಕೆಳಗೆ ಹಿಮ ಬೀಳುತ್ತದೆ. ಎರಡನ್ನೂ ಒಟ್ಟಿಗೆ ಪಡೆಯಲು ಹೆಣಗಿ ಒಂದು ಸಂಜೆ ಕಳೆದೆ. ಟೇಪಿನ ಎತ್ತರ ಹೊಂದಿಸುವ ಕಂಬಕ್ಕೆ ಬಣ್ಣದ ಗುರುತು ಹಾಕಿ ಸುತ್ತಿನ ಎಂಟನೆಯ ಒಂದು ಭಾಗದಷ್ಟು ತಿರುಗಿಸಿಯೂ ನೋಡಿದೆ. ಚಿತ್ರ ಇನ್ನೂ ಕೆಟ್ಟಿತು, ಗುರುತಿಗೆ ಮರಳಿ ತಂದೆ. ಕೊನೆಗೆ ಎರಡನ್ನೂ ಒಂದೇ ಓಟದಲ್ಲಿ ಕೇಳುವುದೇ ತಪ್ಪೆಂದು ಒಪ್ಪಿಕೊಂಡೆ. ಒಂದು ಓಟ ಚಿತ್ರಕ್ಕೆ, ಇನ್ನೊಂದು ಓಟ ಧ್ವನಿಗೆ. ಎರಡನೆಯದರಿಂದ ಧ್ವನಿಯನ್ನಷ್ಟೇ ಬೇರ್ಪಡಿಸಿದೆ:

```
ffmpeg -i ota2_hifi.avi -vn -c:a pcm_s24le aayi.wav
```

ಇವನ್ನು ಜೋಡಿಸುವುದು ಹೇಗೆ? ಎರಡು ಓಟಗಳ ಧ್ವನಿಯ ಅಲೆ ಹೋಲಿಸಿ ಕೂಡಿಸೋಣವೆಂದರೆ ಒಂದರಲ್ಲಿ ಹಾಡು, ಇನ್ನೊಂದರಲ್ಲಿ ಮಾತು. ನೆರವಿಗೆ ಬಂದದ್ದು ಫೋಟೊದವರ ಫ್ಲಾಷ್. ಆ ದೃಶ್ಯದಲ್ಲಿ ಮೂರು ಸಲ ಫ್ಲಾಷ್ ಬೆಳಗುತ್ತದೆ, ಪ್ರತಿ ಸಲವೂ ಒಂದೇ ಫ್ರೇಮ್ ಬೆಳ್ಳಗಾಗುತ್ತದೆ. ಎರಡೂ ಓಟಗಳಲ್ಲಿ ಆ ಫ್ರೇಮುಗಳನ್ನು ಹುಡುಕಿ ಮೊದಲನೆಯದನ್ನು ಕೂಡಿಸಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಒಂದು ಫ್ರೇಮಿನ ವ್ಯತ್ಯಾಸ, ಅಂದರೆ 40 ಮಿಲಿಸೆಕೆಂಡು. ಅಷ್ಟನ್ನು ಹಿಗ್ಗಿಸಿ ಸರಿ ಮಾಡಿದೆ.

ನಾಲ್ಕು ನಿಮಿಷ ಹತ್ತು ಸೆಕೆಂಡು

ಮೊದಲು ಸನಾದಿ, ಅದರ ಅಬ್ಬರದಲ್ಲಿ ಬೇರೇನೂ ಇಲ್ಲ. ಸನಾದಿ ನಿಂತಿತು. ಕ್ಯಾಮೆರಾದೊಳಗಿನ ಸ್ವಯಂ ಹೊಂದಿಕೆ, ಗದ್ದಲವಿದ್ದಾಗ ಮೈಕನ್ನು ತಗ್ಗಿಸಿ ನಿಶ್ಶಬ್ದವಾದಾಗ ಏರಿಸುವಂಥದ್ದು, ಮೆಲ್ಲಗೆ ಏರತೊಡಗಿತು. ಜನರ ಗುಜುಗುಜು ಬಂತು. ಪಾತ್ರೆಯ ಸದ್ದು ಬಂತು. ಆಮೇಲೆ ಕಾಗದ ಹರಿಯುವ ಸದ್ದು, ಕಿವಿಯ ಪಕ್ಕದಲ್ಲೇ ಎಂಬಂತೆ, ಮತ್ತು ಆಯಿ.

ಅವಳು ಆಡಿದ್ದು ಗದಗದ ಮಾತು. ಇಲ್ಲಿ ಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹಾಲಿನವರು ಐವತ್ತೊಂದು. ಬರೆದಿರಾ? ಕೆಳಗಿನ ಮನೆಯವರು ಇಪ್ಪತ್ತೊಂದು. ಜೋಳದ ಸಾಹುಕಾರರು ನೂರಾ ಒಂದು. ಮೂಲೆಯ ಅಂಗಡಿಯವರು ಹನ್ನೊಂದು, ತೆಂಗಿನಕಾಯಿ ಬೇರೆ. ಗಿರಣಿಯವರು ಐವತ್ತೊಂದು. ದರ್ಜಿಯವರು ಇಪ್ಪತ್ತೊಂದು. ಅವರ ಮಗಳ ಮದುವೆಗೆ ನಾವು ಐವತ್ತೊಂದು ಮಾಡಿದ್ದೆವು. ಈಗ ಅವರ ಕೈ ನಡೆಯುತ್ತಿಲ್ಲ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ."

ಅಜ್ಜನ ಧ್ವನಿ ದೂರದಿಂದ: "ಮೇಲಿನದು ಸೇರಿ ಸಾವಿರದ ಐನೂರ ಎಂಬತ್ತಾರು."

"ತೊಂಬತ್ತಾರು," ಎಂದಳು ಆಯಿ. ತಡೆಯಲಿಲ್ಲ, ಯೋಚಿಸಲಿಲ್ಲ. "ಹತ್ತು ಬಿಟ್ಟಿರಿ."

ಕಿವಿಗೆ ಹಾಕಿದ್ದ ಹೆಡ್‌ಫೋನ್ ತೆಗೆಯಲು ಮನಸ್ಸಾಗಲಿಲ್ಲ. ಅದೇ ನಾಲ್ಕು ನಿಮಿಷವನ್ನು ಬೆಳಗಿನ ಜಾವದವರೆಗೆ ಕೇಳಿದೆ.

ಆಮೇಲೆ ಚಿತ್ರವನ್ನು ಮೊದಲ ಸಲ ನೋಡುವಂತೆ ನೋಡಿದೆ. ಮುಯ್ಯಿ ಮಾಡಲು ಬಂದವರು ಅಜ್ಜನಿಗೆ ಕೈಮುಗಿಯುತ್ತಾರೆ, ಆದರೆ ಲಕೋಟೆ ಅವರ ಕೈಗೆ ಕೊಡುವುದಿಲ್ಲ. ಎಲ್ಲರೂ ಚಿತ್ರದ ಎಡಗಡೆಗೆ, ಚೌಕಟ್ಟಿನ ಆಚೆಗೆ ಕೈ ಚಾಚುತ್ತಾರೆ. ಎಡ ಅಂಚಿನಲ್ಲಿ ಹಸಿರು ಸೀರೆಯ ಸೆರಗು, ಒಂದು ಮಣಿಕಟ್ಟು, ಬಳೆ. ನನ್ನ ಹಳೆಯ ಸಂಕಲನದಲ್ಲಿ ಆ ಹಸಿರು ಅಡ್ಡ ಬರುತ್ತದೆಂದು ಎಡಗಡೆಯನ್ನು ಕತ್ತರಿಸಿ ಚಿತ್ರವನ್ನು ಹಿಗ್ಗಿಸಿದ್ದೆ. ಆ ದೃಶ್ಯದ 11 ಸೆಕೆಂಡು ಮಾತ್ರ ಬಳಸಿ, ಮೇಲೆ ನನ್ನದೇ ಧ್ವನಿಯಲ್ಲಿ ಹೇಳಿದ್ದೆ: "ಅಜ್ಜನ ಲೆಕ್ಕದಲ್ಲಿ ಒಂದು ಪೈಸೆ ತಪ್ಪುತ್ತಿರಲಿಲ್ಲ." ಆಯಿ ಕ್ಯಾಮೆರಾದ ಮಗ್ಗುಲಲ್ಲೇ, ಒಳಬಾಗಿಲಲ್ಲಿ ನಿಂತಿದ್ದಳು. ಕ್ಯಾಮೆರಾದ ಮೇಲಿನ ಮೈಕಿಗೆ ಹತ್ತಿರವಿದ್ದವರೇ ಚೆನ್ನಾಗಿ ಕೇಳಿಸುತ್ತಾರೆ, ಚಿತ್ರದೊಳಗೆ ಇರುವವರಲ್ಲ.

ಪುಸ್ತಕ

ನಂಬುವ ಮೊದಲು ತಾಳೆ ನೋಡಬೇಕಿತ್ತು. ಅಲ್ಲಲ್ಲಿ ಮಾತು ನುಂಗಿಹೋಗಿತ್ತು. ಹಂಬಲದ ಕಿವಿಗೆ ಇಲ್ಲದ್ದೂ ಕೇಳಿಸುತ್ತದೆ. ಪರದೆಯ ಮೇಲೆ ಪುಸ್ತಕದ ಅಕ್ಷರ ಓದಲು ಸಾಧ್ಯವಿಲ್ಲ, ವಿಎಚ್‌ಎಸ್‌ನ ಸ್ಪಷ್ಟತೆ ಅಷ್ಟಿಲ್ಲ. ಆದರೆ ಪೆನ್ನಿನ ಚಲನೆ ಕಾಣುತ್ತದೆ. ಆಯಿ "ಹತ್ತು ಬಿಟ್ಟಿರಿ" ಎಂದ ಒಂದು ಸೆಕೆಂಡಿನ ನಂತರ ಅಜ್ಜನ ಕೈ ಅಡ್ಡಕ್ಕೆ ಎರಡು ಸಲ ಚಲಿಸಿ, ಸ್ವಲ್ಪ ಮೇಲೆ ಹೋಗಿ ಬರೆಯುತ್ತದೆ.

ಮುಯ್ಯಿ ಪುಸ್ತಕ ಅವ್ವನ ಟ್ರಂಕಿನಲ್ಲಿತ್ತು. ಉದ್ದನೆಯ ಕೆಂಪು ರಟ್ಟಿನ ಲೆಕ್ಕದ ಪುಸ್ತಕ. ಪುಟದ ತುದಿಯಲ್ಲಿ "ಹಿಂದಿನ ಪುಟದಿಂದ 1,340". ಕೆಳಗೆ 51, 21, 101, 11 ಮತ್ತು ತೆಂಗಿನಕಾಯಿ, 51, 21. ಅಷ್ಟು ಸೇರಿದರೆ 256. ಪುಟದ ಅಡಿಯಲ್ಲಿ 1,586 ಎಂದು ಬರೆದು ಎರಡು ಗೆರೆ ಎಳೆದು ಹೊಡೆದುಹಾಕಿದೆ. ಮೇಲೆ 1,596.

ಅವ್ವ ಪುಟವನ್ನು ಬಹಳ ಹೊತ್ತು ನೋಡಿದಳು. "ರಾತ್ರಿ ಗಲ್ಲಾ ಮುಚ್ಚುವಾಗ ಅವಳು ರೊಟ್ಟಿಯ ಲೆಕ್ಕ ಹೇಳುತ್ತಿದ್ದಳು. ಎಷ್ಟು ಹುಡುಗರು, ಯಾರು ಎಷ್ಟು ದಿನ ಬರಲಿಲ್ಲ, ಯಾರ ತಿಂಗಳ ಹಣ ಬಾಕಿ, ಎಲ್ಲ. ಅಪ್ಪ ಬರೆದುಕೊಳ್ಳುತ್ತಿದ್ದರು. ನಾವು ಅದನ್ನು ಮಾತುಕತೆ ಎಂದುಕೊಂಡಿದ್ದೆವು."

ಮರುಸಂಕಲನ

ಧ್ವನಿ ಶುಚಿ ಮಾಡುವಲ್ಲಿ ಕೈ ಬಿಗಿ ಹಿಡಿದೆ. 50, 100, 150ರ ಗುನುಗನ್ನು ಕಿರಿದಾದ ಫಿಲ್ಟರ್‌ಗಳಿಂದ ತಗ್ಗಿಸಿದೆ, ಪೂರ್ತಿ ಕಿತ್ತುಹಾಕಲಿಲ್ಲ. ಇನ್ನೂ ಮುಂದೆ ಹೋದಾಗ ಆಯಿಯ ಧ್ವನಿಯ ಎದೆ ಹೋಗಿ ತಗಡಿನ ಧ್ವನಿಯಾಯಿತು. ಕಡಿದುಹೋದ ಒಂಬತ್ತು ಕಡೆ ಸಭಾಂಗಣದ ಗುಜುಗುಜುವನ್ನೇ ತುಂಬಿದೆ, ಮಾತನ್ನು ಎಲ್ಲಿಯೂ ಜೋಡಿಸಲಿಲ್ಲ. ಕೇಳಿಸದ ಪದವನ್ನು ಅಡಿಬರಹದಲ್ಲಿಯೂ ಊಹಿಸಲಿಲ್ಲ.

ದೃಶ್ಯ ಈಗ ಒಂದು ನಿಮಿಷ 38 ಸೆಕೆಂಡು, ನಡುವೆ ಕತ್ತರಿಯಿಲ್ಲ. ಚೌಕಟ್ಟು ಪೂರ್ತಿ, ಹಸಿರು ಸೆರಗಿನ ಸಮೇತ. ಹಾಡನ್ನು ಕಿತ್ತೊಗೆಯಲು ಇಷ್ಟವಾಗಲಿಲ್ಲ. ಮೂವತ್ತು ವರ್ಷ ಅದೂ ನಮ್ಮ ನೆನಪೇ ಆಗಿತ್ತು. ದೃಶ್ಯ ಹಾಡಿನಿಂದಲೇ ಶುರುವಾಗುತ್ತದೆ. ಎರಡನೆಯ ಫ್ಲಾಷ್ ಬೆಳಗಿದ ಫ್ರೇಮಿನಲ್ಲಿ ಹಾಡು ಥಟ್ಟನೆ ನಿಂತು ಸಭಾಂಗಣ ತೆರೆದುಕೊಳ್ಳುತ್ತದೆ. ಮೊದಲು ಮೆಲ್ಲಗೆ ಕರಗಿಸಿ ನೋಡಿದ್ದೆ. ಅದು ನೆನಪಿನ ದೃಶ್ಯದಂತೆ ಕಂಡಿತು. ನನಗೆ ಬೇಕಾದದ್ದು ಬಾಗಿಲು ತೆರೆದಂತೆ.

ನನ್ನ ನಿರೂಪಣೆಯ ಆ ಒಂದು ವಾಕ್ಯ ತೆಗೆದಾಗ ಅದಕ್ಕೆ ಜೋತುಬಿದ್ದಿದ್ದ ಏಳು ಕಡೆ ಚಿತ್ರ ಕುಸಿಯಿತು. ಖಾನಾವಳಿಯ ಭಾಗವನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಆಯಿ ಹಿಂದೆ ಸುಮ್ಮನೆ ಹಾದುಹೋಗುವ ಹಳೆಯ ಫೋಟೊಗಳಲ್ಲಿ ಅವಳ ಕೈ ಎಲ್ಲಿದೆ ಎಂದು ಹುಡುಕಿದೆ. ಮೂರರಲ್ಲಿ ಗಲ್ಲಾದ ಮೇಲಿತ್ತು. ಚಿತ್ರ 29 ನಿಮಿಷಕ್ಕೆ ಇಳಿಯಿತು.

ಮಾಮಾಗೆ ಮೊದಲು ಸಿಟ್ಟು ಬಂತು. "ನಮ್ಮ ಅಪ್ಪನನ್ನು ಸಣ್ಣವರನ್ನಾಗಿ ಮಾಡುತ್ತೀಯಾ?" ಎಂದು ಕೇಳಿದರು. ನಾನು ವಾದಿಸಲಿಲ್ಲ, ದೃಶ್ಯವನ್ನು ಇನ್ನೊಮ್ಮೆ ಹಾಕಿದೆ. "ತೊಂಬತ್ತಾರು" ಎಂದ ಮೇಲೆ ಅಜ್ಜ ತಲೆ ಎತ್ತಿ ಚೌಕಟ್ಟಿನ ಆಚೆ ನೋಡಿ ನಗುತ್ತಾರೆ. ಮೊದಲು ಹಾಡಿನ ಜೊತೆ ನೋಡಿದಾಗ ಆ ನಗು ಕ್ಯಾಮೆರಾದವರಿಗೆಂದು ಎಲ್ಲರೂ ಅಂದುಕೊಂಡಿದ್ದೆವು. ಮಾಮಾ ಮತ್ತೊಮ್ಮೆ ಹಾಕಲು ಹೇಳಿದರು. ಆಮೇಲೆ ಇನ್ನೊಮ್ಮೆ.

ಮುಂದಿನ ಭಾನುವಾರ ಅವರು ತಮ್ಮ ಮದುವೆಯ ಕ್ಯಾಸೆಟ್ ತಂದರು, 1989ರದು. ಅದರ ಮೇಲೂ ಹಾಡು. ಒಣಗಿಸಿದೆ, ಸುತ್ತಿದೆ, ಡ್ರಮ್ ಒರೆಸಿದೆ, ಟ್ರ್ಯಾಕಿಂಗನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಮೆಟ್ಟಿಲು ಸರಿಸಿದೆ. ಮಾಮಾ ಪಕ್ಕದಲ್ಲಿ ಕುಳಿತು ದೀಪವನ್ನೇ ನೋಡುತ್ತಿದ್ದರು. HIFI ದೀಪ ಒಮ್ಮೆಯೂ ಮಿನುಗಲಿಲ್ಲ. ಆ ಕ್ಯಾಮೆರಾ ಮೊನೊ. ಅಂಚಿನ ಪಟ್ಟಿಯೊಂದೇ ಅದರ ಧ್ವನಿಯಾಗಿತ್ತು, ಅದನ್ನು ಹಾಡು ಅಳಿಸಿದೆ.

ಧ್ವನಿಯನ್ನು ಪೂರ್ತಿ ನಿಲ್ಲಿಸಿ ಚಿತ್ರವನ್ನಷ್ಟೇ ಓಡಿಸಿದೆವು. ಅಕ್ಷತೆ, ಊಟದ ಸಾಲು, ಮುಯ್ಯಿಯ ಮೇಜು, ಅಜ್ಜ, ಪುಸ್ತಕ. ಎಡಗಡೆ, ಬಾಗಿಲ ಚೌಕಟ್ಟಿಗೆ ಒರಗಿ ಆಯಿ ನಿಂತಿದ್ದಾಳೆ. ಈ ಸಲ ಮುಖ ಕಾಣುತ್ತದೆ. ಲಕೋಟೆಯೊಂದನ್ನು ಹರಿಯುತ್ತಾಳೆ, ಅಜ್ಜನ ಕಡೆ ತಿರುಗುತ್ತಾಳೆ, ಅವಳ ತುಟಿ ಅಲುಗುತ್ತದೆ, ಅಜ್ಜನ ಪೆನ್ನು ಚಲಿಸುತ್ತದೆ.